ಕೈ ತೊಳೆಯುವ ಬಗೆ: ಒಂದು ಶುಶ್ರೂಷಾ ಶಾಲೆಗೆ ಬರೆದ ಭಾಷಣ

ಕೆಲಸದಿಂದ ನಿವೃತ್ತಿ ಹೊಂದಿ ಭದ್ರಾವತಿಯ ಮನೆಯಲ್ಲಿರುವ ನನಗೆ ಕಳೆದ ಬೇಸಗೆಯಲ್ಲಿ ಶಿವಮೊಗ್ಗೆಯ ಒಂದು ಶುಶ್ರೂಷಾ ಶಾಲೆಯಿಂದ ಕಾಗದ ಬಂದಿತು. ಮೇ ತಿಂಗಳ 5ನೆಯ ತಾರೀಖನ್ನು ವಿಶ್ವ ಆರೋಗ್ಯ ಸಂಸ್ಥೆಯವರು ಹಸ್ತಶುದ್ಧಿಯ ದಿನವೆಂದು ಗೊತ್ತುಮಾಡಿರುವರಷ್ಟೆ. ಆ ದಿನ ಮೊದಲನೆಯ ವರ್ಷದ ವಿದ್ಯಾರ್ಥಿಗಳಿಗೆ ಕೈ ತೊಳೆಯುವ ಕ್ರಮವನ್ನು ಕುರಿತು ಕಾಲು ಗಂಟೆ ಮಾತನಾಡಬೇಕೆಂದೂ, ಮಾತನ್ನು ಮುಂಚಿತವಾಗಿಯೇ ಬರೆದು ಕಳುಹಿಸಬೇಕೆಂದೂ ಅದರಲ್ಲಿ ಕೇಳಿದ್ದರು. ಜೊತೆಗೆ, ಸೋಂಕು ತಡೆಯುವ ವಿಷಯವಾಗಿ ಅಲ್ಲಿ ಪಾಠ ಹೇಳುವ ಟಿಪ್ಪಣಿಗಳ ಒಂದು ಕಟ್ಟನ್ನೂ ಇಟ್ಟಿದ್ದರು.

ಟಿಪ್ಪಣಿಗಳನ್ನು ಎರಡು ದಿನ ಕುಳಿತು ಓದಿದೆನು. ಅವುಗಳಲ್ಲಿ ತಪ್ಪೆಂಬುದು ಯಾವುದೂ ಇರಲಿಲ್ಲ. ಆದರೆ ಒಂದೊಂದು ಸಾಲಿನ ಮುಂದೆಯೂ ಒಂದೊಂದು ಅಂಕಿ ಇದ್ದು, ಎಲ್ಲ ಸಾಲುಗಳೂ ಒಂದೇ ತೂಕದವಾಗಿ ಕಾಣುತ್ತಿದ್ದುವು. "ಹೆಬ್ಬೆರಳನ್ನು ಉಜ್ಜುವುದು" ಎಂದು ಬರೆದಿದ್ದಿತು. ಹೆಬ್ಬೆರಳಿಗೆ ಮಾತ್ರ ಪ್ರತ್ಯೇಕವಾದ ಉಪಚಾರ ಏತಕ್ಕೆಂಬುದನ್ನು ಹೇಳಿರಲಿಲ್ಲ. ಕಾರಣ ತಿಳಿಯದೆ ಕಲಿತ ಕ್ರಮವು ಪರೀಕ್ಷೆಯ ದಿನದವರೆಗೆ ನಿಂತು, ಮಾರನೆಯ ದಿನ ಬಿಟ್ಟುಹೋಗುವುದನ್ನು ನಾನು ಅನೇಕ ವರ್ಷ ನೋಡಿದ್ದೇನೆ. ಆದುದರಿಂದ ಟಿಪ್ಪಣಿಗಳಲ್ಲಿ ಬಹುಭಾಗವನ್ನು ಬಿಟ್ಟು, ಕೆಲವನ್ನು ಮಾತ್ರ ಆರಿಸಿಕೊಂಡು ಬರೆದೆನು. ಆ ಮಾತುಗಳನ್ನೇ ಇಲ್ಲಿ ಕೊಟ್ಟಿದ್ದೇನೆ. ದಾದಿಯರಿಗಾಗಿ ಬರೆದುದಾದರೂ ಮನೆಯಲ್ಲಿ ಬಾಣಂತಿಯನ್ನೋ ಹಾಸಿಗೆ ಹಿಡಿದ ಹಿರಿಯರನ್ನೋ ನೋಡಿಕೊಳ್ಳುವ ಸೋದರಿಯರಿಗೂ ಇದು ಪ್ರಯೋಜನಕ್ಕೆ ಬಂದೀತು.

*

ಮಕ್ಕಳೇ,

ನಾನು ಮಾತನ್ನಾರಂಭಿಸುವ ಮುನ್ನ ನಿಮ್ಮಲ್ಲಿ ನಾಲ್ವರು ಮುಂದೆ ಬನ್ನಿರಿ. ಈ ಬಟ್ಟಲಿನಲ್ಲಿ ಅರಿಶಿನದ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ತೆಳ್ಳಗೆ ಕಲಸಿ ತಂದಿದ್ದೇನೆ. ಒಂದೊಂದು ಚಮಚದಷ್ಟನ್ನು ಅಂಗೈಗೆ ಹಾಕುತ್ತೇನೆ. ಕಣ್ಣು ಮುಚ್ಚಿಕೊಂಡು, ದಿನವೂ ವಾರ್ಡಿನಲ್ಲಿ ಸ್ಯಾನಿಟೈಜರನ್ನು ಹೇಗೆ ಹಚ್ಚಿಕೊಳ್ಳುವಿರೋ ಹಾಗೆಯೇ ಹಚ್ಚಿಕೊಳ್ಳಿರಿ. ಅಷ್ಟೇ ಹೊತ್ತು, ಹೆಚ್ಚು ಬೇಡ. ಇನ್ನು ಕಣ್ಣು ತೆರೆದು ಕೈಗಳನ್ನು ಎಲ್ಲರಿಗೂ ತೋರಿಸಿರಿ.

ಅಂಗೈ ಮದುಮಗಳ ಕೈಯಂತೆ ಹಳದಿಯಾಗಿದೆ. ಅದರಲ್ಲಿ ಯಾರೂ ತಪ್ಪಿಲ್ಲ. ಆದರೆ ಹೆಬ್ಬೆರಳನ್ನು ನೋಡಿರಿ. ಅದರ ಬೆನ್ನೂ ಬುಡವೂ ಬೆಳ್ಳಗೆ ಉಳಿದಿವೆ. ಬೆರಳ ತುದಿಗಳನ್ನು ನೋಡಿರಿ. ಉಗುರಿನ ಸುತ್ತ ಬಣ್ಣವೇ ಇಲ್ಲ. ಬೆರಳುಗಳ ಸಂದಿನಲ್ಲಿ ಗೆರೆಗೆರೆಯಾಗಿ ಬಿಟ್ಟುಹೋಗಿದೆ. ಬಲಗೈಯಿಂದ ಕೆಲಸ ಮಾಡುವ ಈ ಹುಡುಗಿ ಎಡಗೈಯ ಬೆನ್ನನ್ನು ಚೆನ್ನಾಗಿ ಉಜ್ಜಿ ಬಲಗೈಯ ಬೆನ್ನನ್ನು ಮರೆತಿದ್ದಾಳೆ. ಇದು ಸೋಮಾರಿತನವಲ್ಲ. ಉಜ್ಜುವ ಕೈ ತನ್ನನ್ನು ತಾನು ಉಜ್ಜಿಕೊಳ್ಳಲಾರದು. ಎರಡು ಅಂಗೈಗಳನ್ನು ಸೇರಿಸಿ ತಿಕ್ಕಿದರೆ ಅಂಗೈಗಳು ಮಾತ್ರ ಒಂದಕ್ಕೊಂದು ಮುಟ್ಟುತ್ತವೆ.

1978ರಲ್ಲಿ ಇಂಗ್ಲೆಂಡಿನಲ್ಲಿ ಟೇಲರ್ ಎಂಬುವರು ಆಸ್ಪತ್ರೆಯ ಸಿಬ್ಬಂದಿಯ ಕೈಗಳನ್ನು ಪರೀಕ್ಷಿಸಿದಾಗ ಕಂಡುದೂ ಇದೇ: ಹೆಬ್ಬೆರಳು, ಬೆರಳ ತುದಿ, ಸಂದು. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಏಲಿಫ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಕೈ ಶುದ್ಧಿಮಾಡುವ ಔಷಧಗಳನ್ನು ಒಂದರೊಡನೊಂದು ಹೋಲಿಸಿ ನೋಡುವುದಕ್ಕಾಗಿ ಎಲ್ಲರೂ ಒಂದೇ ರೀತಿಯಲ್ಲಿ ಉಜ್ಜಬೇಕೆಂದು ಆರು ಚಲನೆಗಳನ್ನು ಗೊತ್ತುಮಾಡಿದರು. ಇಂದು ನೀವು ಕಂಠಪಾಠ ಮಾಡುವ ಆರು ಹೆಜ್ಜೆಗಳು ಆ ಮೂಲದಿಂದ ಬಂದುವೇ ಹೊರತು ಯಾವ ಶಾಸ್ತ್ರವಿಧಿಯೂ ಅಲ್ಲ. ಬಿಟ್ಟುಹೋಗುವ ಒಂದೊಂದು ಸ್ಥಳಕ್ಕೂ ಒಂದೊಂದು ಚಲನೆ, ಅಷ್ಟೆ. ಸ್ಥಳವನ್ನು ನೆನಪಿನಲ್ಲಿಟ್ಟುಕೊಂಡರೆ ಚಲನೆಯು ತಾನಾಗಿಯೇ ಬರುವುದು.

ಈಗ ನನ್ನೊಡನೆ ಮಾಡಿರಿ. ಕೊಳಾಯಿಯ ನೀರಿನಲ್ಲಿ ಕೈಗಳನ್ನು ಮೊದಲು ನೆನೆಸಿಕೊಂಡು, ಹಸ್ತವೆಲ್ಲ ಮುಚ್ಚುವಷ್ಟು ಸಾಬೂನನ್ನು ತೆಗೆದುಕೊಳ್ಳಬೇಕು. ಅಂಗೈಗೆ ಅಂಗೈ ಸೇರಿಸಿ ಉಜ್ಜುವುದು ಮೊದಲನೆಯದು. ಅನಂತರ ಬಲ ಅಂಗೈಯನ್ನು ಎಡಗೈಯ ಬೆನ್ನಿನ ಮೇಲಿಟ್ಟು, ಬೆರಳುಗಳನ್ನು ಸಂದಿಗೆ ಇಳಿಸಿ ಹಿಂದಕ್ಕೂ ಮುಂದಕ್ಕೂ ಉಜ್ಜಬೇಕು. ಆಮೇಲೆ ಕೈ ಬದಲಾಯಿಸಬೇಕು. ಮೂರನೆಯದು, ಅಂಗೈಗಳನ್ನು ಎದುರುಬದುರಾಗಿ ಸೇರಿಸಿ ಬೆರಳುಗಳನ್ನು ಹೆಣೆದು ಸಂದುಗಳನ್ನು ಒಳಗಡೆಯಿಂದ ಉಜ್ಜುವುದು. ನಾಲ್ಕನೆಯದರಲ್ಲಿ ಎರಡು ಕೈಗಳ ಬೆರಳುಗಳನ್ನೂ ಕೊಕ್ಕೆಯಂತೆ ಮಡಿಸಿ ಒಂದಕ್ಕೊಂದು ಸಿಕ್ಕಿಸಿ, ಬೆರಳುಗಳ ಬೆನ್ನು ಎದುರು ಅಂಗೈಗೆ ತಾಗುವಂತೆ ಆಡಿಸಬೇಕು. ಐದನೆಯದು ಹೆಬ್ಬೆರಳಿನದು: ಎಡ ಹೆಬ್ಬೆರಳನ್ನು ಬಲ ಮುಷ್ಟಿಯಲ್ಲಿ ಹಿಡಿದು, ಒರಳಿನಲ್ಲಿ ಗುಂಡು ತಿರುಗುವಂತೆ ಬುಡದವರೆಗೂ ತಿರುಗಿಸಬೇಕು; ಬಳಿಕ ಬಲ ಹೆಬ್ಬೆರಳು. ಆರನೆಯದು, ಐದು ಬೆರಳುಗಳ ತುದಿಗಳನ್ನೂ ಒಟ್ಟುಗೂಡಿಸಿ ಎದುರು ಅಂಗೈಯ ಗುಳಿಯಲ್ಲಿ ಸುತ್ತಲೂ ಉಜ್ಜುವುದು. ಉಗುರಿನ ಕೆಳಗೆ ಸಾಬೂನು ಹೋಗುವುದು ಈ ಒಂದು ಹೆಜ್ಜೆಯಲ್ಲಿ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆಯ ಚಿತ್ರದಲ್ಲಿ ಮಣಿಕಟ್ಟಿಗೆ ಪ್ರತ್ಯೇಕವಾದ ಹೆಜ್ಜೆಯಿಲ್ಲ. ನಮ್ಮ ದೇಶದಲ್ಲಿ ಅನೇಕ ಕಡೆ ಅದನ್ನೂ ಸೇರಿಸಿ ಕಲಿಸುವರು. ಸೇರಿಸಿದರೆ ಕೆಡುಕಿಲ್ಲ, ಆದರೆ ಮಣಿಕಟ್ಟನ್ನು ಭಕ್ತಿಯಿಂದ ತೊಳೆದು ಬೆರಳ ತುದಿಯನ್ನು ಬಿಡುವವರನ್ನು ನಾನು ಕಂಡಿದ್ದೇನೆ. ರೋಗಿಯ ಗಾಯವನ್ನು ಮುಟ್ಟುವುದು ಬೆರಳ ತುದಿ. ಸಮಯ ಕಡಮೆಯಾದರೆ ಯಾವುದನ್ನೂ ಬಿಡಬೇಡಿರಿ. ಬಿಡಲೇಬೇಕಾದರೆ ಅದನ್ನು ಮಾತ್ರ ಬಿಡಬೇಡಿರಿ.

ಆಮೇಲೆ ಹರಿಯುವ ನೀರಿನಲ್ಲಿ ತೊಳೆದು, ಒಬ್ಬರು ಒಂದೇ ಸಾರಿ ಉಪಯೋಗಿಸಿ ಬಿಡುವ ಕಾಗದದಿಂದಲೋ ಶುದ್ಧವಾದ ಚಿಕ್ಕ ಬಟ್ಟೆಯಿಂದಲೋ ಚೆನ್ನಾಗಿ ಒರಸಿ, ಅದನ್ನೇ ಹಿಡಿದು ಕೊಳಾಯಿಯನ್ನು ನಿಲ್ಲಿಸಬೇಕು. ಕೊಳಾಯಿಯ ತಿರುಪನ್ನು ನೀವು ತಿರುಗಿಸಿದುದು ಕೊಳೆಯಾದ ಕೈಯಿಂದಲ್ಲವೆ? ತೊಳೆದ ಕೈಯಿಂದ ಅದನ್ನು ಮುಟ್ಟಿದರೆ ಬಿಟ್ಟ ಕೊಳೆಯನ್ನು ಮತ್ತೆ ಕೈಗೆ ತೆಗೆದುಕೊಂಡಂತಾಯಿತು. ಮೊದಲಿನಿಂದ ಕೊನೆಯವರೆಗೆ ಇದಕ್ಕೆಲ್ಲ 40ರಿಂದ 60 ಸೆಕೆಂಡು ಹಿಡಿಯುವುದು. ಒರಸುವುದನ್ನು ಕೆಲಸದ ಹೊರಗಿನದೆಂದು ತಿಳಿಯಬೇಡಿರಿ. ಒದ್ದೆಯಾದ ಕೈ ಒಣಗಿದ ಕೈಗಿಂತ ಸುಲಭವಾಗಿ ಕ್ರಿಮಿಗಳನ್ನು ಹಿಡಿಯುತ್ತದೆ, ಹಿಡಿದುದನ್ನು ಅಷ್ಟೇ ಸುಲಭವಾಗಿ ಹಂಚುತ್ತದೆ.

*

ಸಾಬೂನು ಕ್ರಿಮಿಗಳನ್ನು ಕೊಲ್ಲುವುದೆಂದು ನಿಮ್ಮಲ್ಲಿ ಅನೇಕರು ತಿಳಿದಿರಬಹುದು. ಅದರ ಮುಖ್ಯ ಕೆಲಸ ಕೊಲ್ಲುವುದಲ್ಲ, ಬಿಡಿಸುವುದು. ಚರ್ಮದ ಜಿಡ್ಡಿಗೆ ಅಂಟಿಕೊಂಡಿರುವ ಕೊಳೆಯನ್ನೂ ಕ್ರಿಮಿಗಳನ್ನೂ ಅದು ಸಡಿಲಿಸುತ್ತದೆ, ಕೈಯ ಉಜ್ಜಾಟವು ಅವುಗಳನ್ನು ಎಬ್ಬಿಸುತ್ತದೆ, ನೀರು ಒಯ್ಯುತ್ತದೆ. ಗಂಗಾ ಸ್ನಾನ, ತುಂಗಾ ಪಾನ ಎಂದು ನಮ್ಮ ಊರಿನವರು ಹೆಮ್ಮೆಯಿಂದ ಹೇಳುವುದುಂಟು. ಆದರೆ ತುಂಗೆಯ ನೀರಾಗಲಿ ಭದ್ರೆಯ ನೀರಾಗಲಿ, ಉಜ್ಜದೆ ಸುಮ್ಮನೆ ಕೈಯ ಮೇಲೆ ಹರಿದುಹೋದರೆ ಜಿಡ್ಡಿಗಂಟಿದುದು ಅಲ್ಲಿಯೇ ಉಳಿಯುವುದು.

ಕೈಯಲ್ಲಿ ಎರಡು ಬಗೆಯ ಕ್ರಿಮಿಗಳಿರುತ್ತವೆ. ಚರ್ಮದ ಒಳಮಡಿಕೆಗಳಲ್ಲಿ ಮನೆಮಾಡಿಕೊಂಡಿರುವ ಸ್ವಂತ ನಿವಾಸಿಗಳು ಒಂದು ಬಗೆ. ಅವು ಸಾಮಾನ್ಯವಾಗಿ ನಿರಪಾಯವಾದುವು, ಎಷ್ಟು ತೊಳೆದರೂ ಪೂರ್ತಿಯಾಗಿ ಹೋಗುವುದಿಲ್ಲ. ಇನ್ನೊಂದು ಬಗೆ, ಈಗ ತಾನೆ ಒಬ್ಬ ರೋಗಿಯಿಂದಲೋ ಮಂಚದ ಕಂಬಿಯಿಂದಲೋ ಹತ್ತಿಕೊಂಡು ಮೇಲ್ಮೈಯಲ್ಲಿ ಕುಳಿತಿರುವ ದಾರಿಹೋಕರು. ಒಬ್ಬ ರೋಗಿಯಿಂದ ಮತ್ತೊಬ್ಬರಿಗೆ ಸೋಂಕನ್ನು ಒಯ್ಯುವವು ಬಹುಮಟ್ಟಿಗೆ ಈ ದಾರಿಹೋಕರೇ. ತೊಳೆದರೆ ಸುಲಭವಾಗಿ ಹೋಗುವವೂ ಇವೇ. ನಾವು ಕೈ ತೊಳೆಯುವುದು ಕೈಯನ್ನು ನಿಷ್ಕ್ರಿಮಿಯಾಗಿ ಮಾಡಲಿಕ್ಕಲ್ಲ, ಇವುಗಳನ್ನು ಇಳಿಸಿಬಿಡಲಿಕ್ಕೆ.

ಇಲ್ಲಿ ನನ್ನ ಜೀವನದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾನು ನಿಮ್ಮಂತೆ ವಿದ್ಯಾರ್ಥಿನಿಯಾಗಿದ್ದಾಗ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೆನು, ಹೆಸರು ಬೇಡ. ಅಲ್ಲಿ ಬಾಗಿಲ ಬಳಿ ಒಂದು ಮುಕ್ಕಾಲಿಯ ಮೇಲೆ ಲೋಷನ್ ಬೆರಸಿದ ನೀರಿನ ಬೋಗುಣಿಯೂ, ತಟ್ಟೆಯಲ್ಲಿ ಸಾಬೂನಿನ ಬಿಲ್ಲೆಯೂ, ಮೊಳೆಗೆ ನೇತುಹಾಕಿದ ಒಂದು ಟವಲೂ ಇರುತ್ತಿದ್ದುವು. ಬಂದವರೆಲ್ಲ ಅದರಲ್ಲಿ ಕೈ ಅದ್ದಿ, ಅದೇ ಟವಲಿಗೆ ಒರಸಿಕೊಂಡು ಒಳಗೆ ಹೋಗುವರು. ನಾವು ಬಹಳ ಶುದ್ಧಿಯಿಂದಿದ್ದೇವೆಂದೇ ತಿಳಿದಿದ್ದೆವು. ಒಂದು ತಿಂಗಳಲ್ಲಿ ಮೂರು ಮಂದಿ ಹೆಂಗಸರಿಗೆ ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚಿಕೊಂಡು ಕೀವಾಯಿತು. ಕೀವು ಸಾಧಾರಣವಾದ ಹಳದಿಯಲ್ಲ. ಪಟ್ಟಿಯ ಮೇಲೆ ಹಸಿರುನೀಲಿಯಾಗಿ ಹರಡಿ, ಹಣ್ಣು ಕಳಿತಂತೆ ಒಂದು ಬಗೆಯ ಸಿಹಿ ವಾಸನೆ ಬರುತ್ತಿದ್ದಿತು. ಅವರಲ್ಲೊಬ್ಬಳು ಹೊಟ್ಟೆ ಕೊಯ್ದು ಹೆರಿಗೆಯಾದ ಬಾಣಂತಿ. ಕೂಸನ್ನು ತಾಯಿಯ ಮನೆಯವರು ಹಾಲಿನ ಸೀಸೆಯೊಡನೆ ಕರೆದೊಯ್ದರು. ಆಕೆ ಇಪ್ಪತ್ತೆರಡು ದಿನ ಅಲ್ಲಿಯೇ ಮಲಗಿದ್ದಳು.

ಆ ಬಣ್ಣವನ್ನೂ ವಾಸನೆಯನ್ನೂ ಕಂಡು ನಮ್ಮ ಹಿರಿಯ ಸಿಸ್ಟರು ಬೋಗುಣಿಯ ನೀರನ್ನೂ ಸಾಬೂನಿನ ತಟ್ಟೆಯ ಲೋಳೆಯನ್ನೂ ಪ್ರಯೋಗಶಾಲೆಗೆ ಕಳುಹಿಸಿದರು. ಸೂಡೋಮೊನಾಸ್ ಎಂಬ ಕ್ರಿಮಿಯು ಎರಡರಲ್ಲಿಯೂ ಬೆಳೆಯಿತು. ಕೀವಿನಲ್ಲಿದ್ದುದೂ ಅದೇ ಜಾತಿಯದು. ನೀರು ನಿಂತಲ್ಲೆಲ್ಲ ಬದುಕುವ ಕ್ರಿಮಿಯದು. ಹಳೆಯದಾಗಿ ತೆಳ್ಳಗಾದ ಲೋಷನ್ನಿನಲ್ಲಿಯೂ ಬದುಕುತ್ತದೆ. ಆ ಬೋಗುಣಿಯಿಂದಲೇ ಗಾಯಕ್ಕೆ ಹೋಯಿತೆಂದು ನ್ಯಾಯಾಲಯದಲ್ಲಿ ಹೇಳುವಂತಿರಲಿಲ್ಲ; ಆಗ ಅಷ್ಟು ಸೂಕ್ಷ್ಮವಾದ ಪರೀಕ್ಷೆ ನಮ್ಮಲ್ಲಿರಲಿಲ್ಲ. ಆದರೆ ಮುಕ್ಕಾಲಿಯನ್ನು ತೆಗೆದ ಮೇಲೆ ನಾನು ಅಲ್ಲಿದ್ದ ಉಳಿದ ಕಾಲದಲ್ಲಿ ಹಸಿರು ಕೀವನ್ನು ಕಾಣಲಿಲ್ಲ. ಆ ಮೂವರಲ್ಲಿ ಇಬ್ಬರ ಪಟ್ಟಿಯನ್ನು ದಿನವೂ ಕಟ್ಟಿದವಳು ನಾನು, ಪ್ರತಿಸಾರಿಯೂ ಕೈ "ತೊಳೆದೇ" ಕಟ್ಟಿದವಳು.

ಆದುದರಿಂದ ನೀವು ಯಾವ ವಾರ್ಡಿಗೆ ಹೋದರೂ ಮೊದಲು ಕೈ ತೊಳೆಯುವ ಸ್ಥಳವನ್ನು ನೋಡಿರಿ. ಬಿಲ್ಲೆಯ ಸಾಬೂನಾದರೆ ಚಿಕ್ಕದಾಗಿರಬೇಕು, ನೀರು ಬಸಿದುಹೋಗುವ ಜಾಲರಿಯ ಮೇಲಿರಬೇಕು. ದ್ರವ ಸಾಬೂನಾದರೆ ಅರ್ಧ ಖಾಲಿಯಾದ ಸೀಸೆಗೆ ಮೇಲಿಂದ ಮೇಲೆ ತುಂಬಬಾರದು. ಪೂರ್ತಿ ಮುಗಿದ ಮೇಲೆ ಸೀಸೆಯನ್ನು ತೊಳೆದು ಒಣಗಿಸಿ ತುಂಬಬೇಕು. ಕೊಳಾಯಿಯಲ್ಲಿ ನೀರು ಬಾರದ ಹೊತ್ತಿಗೆ ತಿರುಪುಳ್ಳ ಪೀಪಾಯಿಯನ್ನಿಡಬಹುದು, ಇಲ್ಲವೆ ಒಬ್ಬರು ಚೊಂಬಿನಿಂದ ನೀರು ಹೊಯ್ಯಬಹುದು. ಬೋಗುಣಿಯಲ್ಲಿ ಅದ್ದುವುದು ಮಾತ್ರ ಕೂಡದು. ನಮ್ಮ ಅಜ್ಜಿಯರು ಹಿತ್ತಲಲ್ಲಿ ಚೊಂಬಿನಿಂದ ಕೈಗೆ ನೀರು ಹೊಯ್ಯಿಸಿಕೊಳ್ಳುತ್ತಿದ್ದ ಪದ್ಧತಿ ಆ ಮುಕ್ಕಾಲಿಗಿಂತ ಎಷ್ಟೋ ಮೇಲು.

*

ಕೈಗೆ ಕೊಳೆ ಕಾಣುವಂತೆ ಹತ್ತಿರದಿದ್ದರೆ ಸಾಬೂನು ನೀರಿಗೆ ಬದಲಾಗಿ ಆಲ್ಕೊಹಾಲಿನ ದ್ರವವನ್ನು ಹಚ್ಚಿಕೊಳ್ಳಬಹುದು. ಅಷ್ಟೇ ಅಲ್ಲ, ವಾರ್ಡಿನಲ್ಲಿ ಬಹುತೇಕ ಸಂದರ್ಭಗಳಲ್ಲಿ ಅದೇ ಉತ್ತಮ; ಅದು ಸಾಬೂನಿನಂತೆ ಬಿಡಿಸುವುದಲ್ಲ, ಕೊಲ್ಲುವುದು. ಹೆಜ್ಜೆಗಳು ಅವೇ ಆರು. ಸಮಯ 20ರಿಂದ 30 ಸೆಕೆಂಡು. ಒಂದು ಪರೀಕ್ಷೆಯನ್ನು ನೆನಪಿನಲ್ಲಿಡಿರಿ: ಆರು ಹೆಜ್ಜೆಗಳು ಮುಗಿಯುವುದಕ್ಕೆ ಮೊದಲೇ ಕೈ ಒಣಗಿದರೆ ನೀವು ತೆಗೆದುಕೊಂಡುದು ಸಾಲಲಿಲ್ಲವೆಂದರ್ಥ. ಒಂದು ತೊಟ್ಟು ಹಾಕಿಕೊಂಡು ಅಂಗೈ ತಿಕ್ಕಿ ನಡೆಯುವುದನ್ನು 2020ನೆಯ ಇಸವಿಯಿಂದೀಚೆಗೆ ಅಂಗಡಿಯ ಬಾಗಿಲುಗಳಲ್ಲಿ ಎಲ್ಲರೂ ಕಲಿತಿದ್ದೇವೆ. ಆ ಅಭ್ಯಾಸವನ್ನು ವಾರ್ಡಿಗೆ ತರಬಾರದು. ಒದ್ದೆಗೈಗೆ ಹಚ್ಚಿದರೂ ದ್ರವ ತೆಳ್ಳಗಾಗಿ ಕೆಲಸ ಕೆಡುವುದು.

ಅದರ ಪಾಕವನ್ನೂ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಒಂದು ವಿಧಾನದಲ್ಲಿ ಎಥನಾಲೆಂಬ ಆಲ್ಕೊಹಾಲು ನೂರಕ್ಕೆ 80 ಪಾಲು. ಉಳಿದುದರಲ್ಲಿ ಬಹುಭಾಗ ನೀರು. ಚರ್ಮ ಒಡೆಯದಿರಲು ಒಂದಿಷ್ಟು ಗ್ಲಿಸರಿನ್, ಸೀಸೆಯೊಳಗೆ ಬಂದಿರಬಹುದಾದ ಕ್ರಿಮಿಬೀಜಗಳು ಸಾಯಲು ಒಂದಿಷ್ಟು ಹೈಡ್ರೊಜನ್ ಪೆರಾಕ್ಸೈಡ್. ನೂರಕ್ಕೆ ನೂರು ಆಲ್ಕೊಹಾಲಿದ್ದರೆ ಇನ್ನೂ ಒಳ್ಳೆಯದಲ್ಲವೆ ಎಂದು ಕೇಳುವಿರಿ. ಅಲ್ಲ, ಕ್ರಿಮಿಯ ಶರೀರದ ಪ್ರೋಟೀನನ್ನು ಕೆಡಿಸಲು ಸ್ವಲ್ಪ ನೀರೂ ಬೇಕು.

ಭದ್ರಾವತಿಯವಳಾದುದರಿಂದ ಇಲ್ಲಿ ಒಂದು ಮಾತನ್ನು ಸೇರಿಸುತ್ತೇನೆ. ನಮ್ಮೂರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದ ಕಾಲದಲ್ಲಿ ಮಲೆನಾಡಿನ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಲು ಮಾಡುತ್ತಿದ್ದರು. ಹಾಗೆ ಮಾಡುವಾಗ ಹೊರಟ ಆವಿಯಿಂದ ಟಾರು ಮೊದಲಾದುವುಗಳ ಜೊತೆಗೆ ಮರದ ಸ್ಪಿರಿಟ್ಟನ್ನೂ ಇಳಿಸುತ್ತಿದ್ದರು. ಅದೂ ಆಲ್ಕೊಹಾಲೇ, ಆದರೆ ಮೆಥನಾಲೆಂಬ ವಿಷ. ಕುಡಿದರೆ ಕಣ್ಣು ಹೋಗುವುದು, ಪ್ರಾಣವೂ ಹೋಗುವುದು; ಚರ್ಮದ ಮೂಲಕವೂ ಒಳಸೇರುತ್ತದೆ. 2020ರಲ್ಲಿ ಬೇಡಿಕೆ ಹೆಚ್ಚಿದಾಗ ಅಮೆರಿಕದಲ್ಲಿ ಮಾರುತ್ತಿದ್ದ ಕೆಲವು ಸ್ಯಾನಿಟೈಜರುಗಳಲ್ಲಿ ಅದೇ ಸಿಕ್ಕಿತು. ಆದುದರಿಂದ ಚೀಟಿಯಿಲ್ಲದ ಸೀಸೆಯ ದ್ರವವನ್ನು ವಾಸನೆ ನೋಡಿ ನಂಬಬೇಡಿರಿ. ಎರಡರ ವಾಸನೆಯೂ ಹೆಚ್ಚು ಕಡಮೆ ಒಂದೇ.

ಆಲ್ಕೊಹಾಲು ಸೋಲುವ ಸ್ಥಳಗಳೂ ಉಂಟು. ರಕ್ತ, ಕೀವು, ಮಲ ಹತ್ತಿದ ಕೈಗೆ ಅದು ಸಾಲದು. ಅವುಗಳ ಪದರದ ಕೆಳಗೆ ಇಳಿಯಲಾರದು. ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲ್ ಎಂಬ ಉದ್ದ ಹೆಸರಿನ ಕ್ರಿಮಿಯೊಂದು ಹೆಚ್ಚಾಗಿ ಪ್ರತಿಜೈವಿಕ ಔಷಧ ತೆಗೆದುಕೊಂಡ ರೋಗಿಗಳಲ್ಲಿ ಭೇದಿಯನ್ನು ಹುಟ್ಟಿಸುತ್ತದೆ. ಅದು ಗಟ್ಟಿ ಸಿಪ್ಪೆಯ ಬೀಜವಾಗಿ ಕುಳಿತಿರುವುದರಿಂದ ಆಲ್ಕೊಹಾಲಿಗೆ ಸಾಯುವುದಿಲ್ಲ. ಭೇದಿಯ ರೋಗಿಯನ್ನು ಮುಟ್ಟಿದ ಮೇಲೆ ಸಾಬೂನು, ನೀರು, ಉಜ್ಜಾಟ, ಕೊಲ್ಲಲಾಗದುದನ್ನು ಇಳಿಸಿಬಿಡಬೇಕು.

*

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಹೇಗೆ ತೊಳೆಯಬೇಕೆಂಬುದನ್ನು ಒಂದು ದಿನದಲ್ಲಿ ಕಲಿಯಬಹುದು. ಯಾವಾಗ ತೊಳೆಯಬೇಕೆಂಬುದರಲ್ಲಿಯೇ ಎಲ್ಲರೂ ತಪ್ಪುವುದು. ನಿಮ್ಮ ಟಿಪ್ಪಣಿಗಳಲ್ಲಿ ಐದು ಸಂದರ್ಭಗಳನ್ನು ಬರೆದಿದ್ದಾರೆ: ರೋಗಿಯನ್ನು ಮುಟ್ಟುವ ಮೊದಲು, ಶುದ್ಧವಾದ ಕಾರ್ಯಕ್ಕೆ ಮೊದಲು, ಮೈಯ ದ್ರವಗಳು ತಗಲಬಹುದಾದ ಕೆಲಸವಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಇವುಗಳನ್ನು ಒಪ್ಪಿಸುವುದನ್ನು ಬಿಟ್ಟು ಒಂದು ಕೆಲಸವನ್ನು ಮೊದಲಿನಿಂದ ಕಡೆಯವರೆಗೆ ನೋಡೋಣ.

ಗಂಡಸರ ವಾರ್ಡು, ಆರನೆಯ ಮಂಚ. ತೀರ್ಥಹಳ್ಳಿಯ ಕಡೆಯ ಕೊನೆಗಾರನೊಬ್ಬನು ಅಡಕೆಯ ಮರದಿಂದ ಜಾರಿ ಮೊಳಕಾಲಿನ ಕೆಳಗೆ ಗಾಯಮಾಡಿಕೊಂಡು ಮಲಗಿದ್ದಾನೆಂದು ಭಾವಿಸಿರಿ. ಪಟ್ಟಿ ಬದಲಾಯಿಸಬೇಕು. ನೀವು ಟ್ರಾಲಿಯನ್ನು ತಂದು ನಿಲ್ಲಿಸಿ, ಪರದೆಯನ್ನು ಎಳೆದು, ಕೈಗೆ ದ್ರವ ಹಚ್ಚಿಕೊಂಡು, "ನೋವು ಹೇಗಿದೆ, ಅಣ್ಣ?" ಎಂದು ಕಾಲನ್ನು ಎತ್ತಿ ದಿಂಬಿನ ಮೇಲಿಡುತ್ತೀರಿ. ಇದು ಮೊದಲನೆಯ ಶುದ್ಧಿ. ಸಾಮಾನ್ಯ ಗ್ಲೌಸು ಹಾಕಿಕೊಂಡು ಹಳೆಯ ಪಟ್ಟಿಯನ್ನು ಬಿಚ್ಚುತ್ತೀರಿ. ಪಟ್ಟಿ ಹಳದಿ ಚೀಲಕ್ಕೆ, ಗ್ಲೌಸು ಕೆಂಪು ಚೀಲಕ್ಕೆ ಹೋಗುತ್ತದೆ. ಈಗ ಕೈ ಶುದ್ಧಿಮಾಡಬೇಕು. ಗ್ಲೌಸು ಇದ್ದಿತಲ್ಲಾ ಎನ್ನಬೇಡಿರಿ. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಕಳಚುವಾಗ ಹೊರಮೈ ಬೆರಳಿಗೆ ತಾಗುವುದಂತೂ ಬಹು ಸುಲಭ. ಈ ಎರಡನೆಯ ಶುದ್ಧಿಯು ಎರಡು ಕೆಲಸ ಮಾಡುತ್ತದೆ: ಹಳೆಯ ಕೀವಿನ ನಂತರದ್ದೂ ಇದೇ, ಹೊಸ ಪಟ್ಟಿಗೆ ಮೊದಲಿನದೂ ಇದೇ.

ಇಲ್ಲಿ ಗಮನಿಸಿರಿ. ಈ ಶುದ್ಧಿಗೂ ನಿಷ್ಕ್ರಿಮಿ ಪೊಟ್ಟಣವನ್ನು ಬಿಚ್ಚುವುದಕ್ಕೂ ನಡುವೆ ನೀವು ಏನನ್ನೂ ಮುಟ್ಟಬಾರದು. ಗಾಳಿಗೆ ಪರದೆ ಸರಿಯಿತೆಂದು ಎಳೆದಿರಿ, ಕನ್ನಡಕವನ್ನು ಮೇಲಕ್ಕೆ ತಳ್ಳಿದಿರಿ, ಜೇಬಿನಲ್ಲಿ ಫೋನು ಬಡಿದುಕೊಂಡಿತೆಂದು ನಿಲ್ಲಿಸಿದಿರಿ. ಶುದ್ಧಿ ಅಲ್ಲಿಗೆ ಮುಗಿಯಿತು. ನೀವು ಕೈ ತೊಳೆದುದು ಸುಳ್ಳಲ್ಲ. ಆದರೆ ಗಾಯವನ್ನು ಮುಟ್ಟುವ ಕೈ ಈಗ ಪರದೆಯನ್ನು ಮುಟ್ಟಿದ ಕೈ. ಆ ಪರದೆಯನ್ನು ನಿನ್ನೆಯಿಂದ ಎಷ್ಟು ಜನ ಎಳೆದಿರುವರೋ! ನಾನು ಪರೀಕ್ಷಕಳಾಗಿ ನಿಂತು ನೋಡಿದಾಗ ಕಂಡ ತಪ್ಪುಗಳಲ್ಲಿ ಹೆಚ್ಚಿನವು ತೊಳೆಯದಿದ್ದುದರಿಂದ ಆದವಲ್ಲ, ಬಹಳ ಮುಂಚೆ ತೊಳೆದುದರಿಂದ ಆದವು.

ಪಟ್ಟಿ ಕಟ್ಟಿ ಗ್ಲೌಸು ತೆಗೆದ ಮೇಲೆ ಮೂರನೆಯ ಶುದ್ಧಿ. ಅನಂತರ ಕೇಸು ಕಾಗದದಲ್ಲಿ ಬರೆದು ಮಂಚದ ಕಂಬಿಯನ್ನು ಎತ್ತಿ ನಿಲ್ಲಿಸುತ್ತೀರಿ. ಅಷ್ಟರಲ್ಲಿ ಏಳನೆಯ ಮಂಚದ ಮುದುಕರು ಕರೆಯುತ್ತಾರೆ. ಅವರ ಮೂತ್ರದ ಚೀಲ ನೆಲಕ್ಕೆ ತಾಗಿದೆ. "ಬಂದೆ, ಅಜ್ಜ" ಎಂದು ಹೋಗಿ ಎತ್ತಿ ಕಟ್ಟಲು ಎರಡು ಹೆಜ್ಜೆ ಸಾಕು. ಆ ಎರಡು ಹೆಜ್ಜೆಗಳ ನಡುವೆ ನಾಲ್ಕನೆಯ ಶುದ್ಧಿ. ಕೊನೆಗಾರನನ್ನು ನೀವು ಮತ್ತೆ ಮುಟ್ಟಲಿಲ್ಲ, ನಿಜ. ಕಂಬಿಯನ್ನು ಮಾತ್ರ ಮುಟ್ಟಿದಿರಿ. ಆದರೆ ಕಂಬಿಯೂ ಅವನದೇ. ಚೀಲ ಕಟ್ಟಿದ ಮೇಲೆ ಐದನೆಯದು. ಐದಕ್ಕೂ ಸೇರಿ ಹಿಡಿದ ಕಾಲ ಎರಡೂವರೆ ನಿಮಿಷವನ್ನು ಮೀರದು, ದ್ರವದ ಸೀಸೆ ಟ್ರಾಲಿಯ ಮೇಲೆಯೇ ಇದ್ದರೆ. ಪ್ರತಿಸಾರಿಯೂ ಓಣಿಯ ಕೊನೆಯ ಕೊಳಾಯಿಗೆ ಹೋಗಿಬರಬೇಕಾದರೆ ಯಾರೂ ಮಾಡಲಾರರು.

ಇದು ನನ್ನ ಊಹೆಯಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಡಿಡಿಯೆ ಪಿಟೆ ಎಂಬುವರು 1994ರಿಂದ 1997ರವರೆಗೆ ಮಂಚಗಳ ಬಳಿಯಲ್ಲಿಯೇ ಆಲ್ಕೊಹಾಲಿನ ಸೀಸೆಗಳನ್ನಿರಿಸಿ, ಗೋಡೆಗಳ ಮೇಲೆ ಚಿತ್ರಗಳನ್ನು ಹಾಕಿಸಿ, ಸಿಬ್ಬಂದಿಯನ್ನು ಮರೆಯಿಂದಲ್ಲದೆ ಎದುರಿನಲ್ಲಿಯೇ ನಿಂತು ಎಣಿಸಿದರು. ತೊಳೆಯಬೇಕಾದ ನೂರು ಸಂದರ್ಭಗಳಲ್ಲಿ ಮೊದಲು 48ರಲ್ಲಿ ತೊಳೆಯುತ್ತಿದ್ದವರು ಕೊನೆಗೆ 66ರಲ್ಲಿ ತೊಳೆದರು. ಆಸ್ಪತ್ರೆಯಲ್ಲಿ ತಗಲಿದ ಸೋಂಕು ನೂರು ರೋಗಿಗಳಲ್ಲಿ ಸುಮಾರು 17 ಮಂದಿಗೆ ಇದ್ದುದು 10ಕ್ಕೆ ಇಳಿಯಿತು. ಆ ಇಳಿತವೆಲ್ಲ ಕೈ ತೊಳೆದುದರಿಂದಲೇ ಎನ್ನಲಾಗದು. ಬೇರೆ ಎಚ್ಚರಿಕೆಗಳೂ ಆ ಕಾಲದಲ್ಲಿ ನಡೆದಿದ್ದುವು. ನಾನು ಹೇಳಬಂದುದು ಇಷ್ಟು: ಅಷ್ಟು ಪ್ರಯತ್ನವಾದ ಮೇಲೂ ಮೂರರಲ್ಲಿ ಒಂದು ಸಾರಿ ಮರೆಯುವವರು ನಾವು ಮನುಷ್ಯರು.

*

ಬರೆದುಕೊಂಡು ಹೋದುದು ಇಷ್ಟು. ಮೇ 5ರಂದು ಬೆಳಗಿನ ಬಸ್ಸಿನಲ್ಲಿ ಅರಿಶಿನದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಶಿವಮೊಗ್ಗೆಗೆ ಹೋದೆನು. ಭಾಷಣವಾದ ಮೇಲೆ ಆ ನಾಲ್ವರು ಕೈ ತೊಳೆಯಹೋದರು. ಸಾಬೂನು ತಗಲಿದೊಡನೆಯೇ ಹಳದಿಯೆಲ್ಲ ಕೆಂಪಗಾದುದನ್ನು ಕಂಡು ಹುಡುಗಿಯರು ಕಿರಿಚಿದರು. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿಯಾಗುವುದಿಲ್ಲವೆ, ಸಾಬೂನಿನ ಕ್ಷಾರವೂ ಹಾಗೆಯೇ ಎಂದು ಹೇಳಿ ಸಮಾಧಾನಪಡಿಸಿದೆನು. ಉಗುರಿನ ಸುತ್ತಲಿನ ಕೆಂಪನ್ನು ತೆಗೆಯಲು ಅವರು ಆರನೆಯ ಹೆಜ್ಜೆಯನ್ನು ಎಂಟು ಹತ್ತು ಸಾರಿ ಮಾಡಬೇಕಾಯಿತು. ನನ್ನ ಭಾಷಣಕ್ಕಿಂತ ಅದೇ ಹೆಚ್ಚು ಕಲಿಸಿತೆಂದು ತೋರುತ್ತದೆ.

ಬಳೆಗಳ ಪ್ರಶ್ನೆ ಬಂದೇ ಬಂದಿತು. ಹೊಸದಾಗಿ ಮದುವೆಯಾದ ಒಬ್ಬಳು, ಗಾಜಿನ ಬಳೆಗಳನ್ನು ತೆಗೆಯಬಾರದೆಂದು ಮನೆಯಲ್ಲಿ ಅತ್ತೆಯವರು ಹೇಳಿರುವರೆಂದೂ, ವಾರ್ಡಿನಲ್ಲಿ ತೆಗೆಯಬೇಕೆಂದು ಸಿಸ್ಟರು ಹೇಳುವರೆಂದೂ ಸಂಕಟದಿಂದ ಹೇಳಿದಳು. ಬಳೆಯ ಕೆಳಗಿನ ಚರ್ಮ ಒದ್ದೆಯಾಗಿಯೇ ಉಳಿಯುವುದು, ಗ್ಲೌಸಿನ ಅಂಚು ಬಳೆಗೆ ಸಿಕ್ಕಿ ಹರಿಯುವುದು. ಉಂಗುರದ ಕೆಳಗೂ ಅಷ್ಟೆ. ಶಾಸ್ತ್ರ ಸಿಸ್ಟರ ಕಡೆಗಿದೆ. ಆದರೆ ಅತ್ತೆಯನ್ನು ಎದುರುಹಾಕಿಕೊಳ್ಳೆಂದು ನಾನು ಹೇಳಲಿಲ್ಲ. ಬಳೆಗಳನ್ನು ಒಂದು ಚಿಕ್ಕ ಚೀಲದಲ್ಲಿ ಹಾಕಿ ಸೆರಗಿನ ಒಳಗೆ ಪಿನ್ನು ಹಾಕಿಕೊಂಡು, ಮನೆಗೆ ಹೊರಡುವಾಗ ತೊಟ್ಟುಕೊಂಡು ಹೋಗುತ್ತಿದ್ದವಳು ನಾನೇ. ಆ ಉಪಾಯವನ್ನು ಹೇಳಿದೆನು. ಉಗುರನ್ನು ಮಾತ್ರ ಅಂಗೈಯ ಕಡೆಯಿಂದ ನೋಡಿದರೆ ಕಾಣಿಸದಷ್ಟು ಗಿಡ್ಡವಾಗಿ ಕತ್ತರಿಸಿಕೊಳ್ಳಬೇಕೆಂದೂ, ಅದಕ್ಕೆ ಉಪಾಯವಿಲ್ಲವೆಂದೂ ಸೇರಿಸಿದೆನು.

ಕೈ ಒಡೆದು ಉರಿಯುವವರ ದೂರೂ ಬಂದಿತು. ಸಾಬೂನಿನಲ್ಲಿ ತೊಳೆದೊಡನೆಯೇ ಅದರ ಮೇಲೆ ಆಲ್ಕೊಹಾಲನ್ನೂ ಹಚ್ಚುವವರಿಗೆ ಹೀಗಾಗುವುದು ಹೆಚ್ಚು. ಎರಡರಲ್ಲಿ ಒಂದು ಸಾಕು. ಎರಡೂ ಒಟ್ಟಿಗೆ ಬೇಡ. ಕೆಲಸ ಮುಗಿದ ಮೇಲೆ ಎಣ್ಣೆಯನ್ನೋ ಲೇಪವನ್ನೋ ಹಚ್ಚಿಕೊಳ್ಳುವುದು ಸೊಗಸಿಗಲ್ಲ. ಬಿರಿದ ಚರ್ಮದಲ್ಲಿ ಕ್ರಿಮಿಗಳು ಹೆಚ್ಚಾಗಿ ನೆಲೆಸುತ್ತವೆ.

ಎಲ್ಲರೂ ಏಳುವ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ಹುಡುಗನು ಎದ್ದು ನಿಂತನು. "ಅಮ್ಮ, ನಾವು ತೊಳೆಯುತ್ತೇವೆ. ದೊಡ್ಡ ಡಾಕ್ಟರು ಒಂದು ಮಂಚದಿಂದ ಇನ್ನೊಂದಕ್ಕೆ ಹಾಗೆಯೇ ಬಂದರೆ ನಾವೇನು ಮಾಡಬೇಕು?" ಎಂದು ಕೇಳಿದನು. ಸಭೆಯಲ್ಲಿ ನಗೆ ಎದ್ದಿತು. ಅಧ್ಯಾಪಕಿಯರು ನನ್ನ ಮುಖವನ್ನು ನೋಡಿದರು. ಟಿಪ್ಪಣಿಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ತರುಣ ವೈದ್ಯನು ಇದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದನೆಂದು ಅವನಿಗೆ ಹೇಳಿದೆನು. ಅಲ್ಲಿ ವೈದ್ಯವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದ ಕೈಯಿಂದಲೇ ಬಂದು ಬಾಣಂತಿಯರನ್ನು ಪರೀಕ್ಷಿಸುತ್ತಿದ್ದರು. 1846ರಲ್ಲಿ ಅವರ ವಿಭಾಗದಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ಮಂದಿ ತಾಯಂದಿರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಮೂವರಿಗಿಂತ ಕಡಮೆ. ನಮ್ಮೂರ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಅವನು ವಿಧಿಸಿದ ಮೇಲೆ, 1848ರಲ್ಲಿ ಅದು ನೂರಕ್ಕೆ ಒಂದು ಚಿಲ್ಲರೆಗೆ ಇಳಿಯಿತು. ಆದರೂ ಹಿರಿಯ ವೈದ್ಯರು ಅನೇಕರು ಒಪ್ಪಲಿಲ್ಲ. ತಾವೇ ಕೊಂದವರೆಂದು ಯಾರು ತಾನೆ ಒಪ್ಪುವರು? ಸೆಮ್ಮೆಲ್ವೈಸನು ಕೊನೆಕೊನೆಗೆ ಅವರನ್ನು ಕೊಲೆಗಾರರೆಂದೇ ಬಹಿರಂಗ ಪತ್ರಗಳಲ್ಲಿ ಬೈದನು. ಅದರಿಂದ ಅವರು ಇನ್ನೂ ದೂರವಾದರು.

"ಹಾಗಾದರೆ ಬೈಯಬಾರದು, ಏನು ಮಾಡಬೇಕು?" ಎಂದನು ಹುಡುಗ.

"ಡಾಕ್ಟರು ಆರನೆಯ ಮಂಚವನ್ನು ಬಿಟ್ಟು ಹೊರಟೊಡನೆಯೇ ನೀನು ದ್ರವದ ಸೀಸೆಯನ್ನು ಹಿಡಿದು ಏಳನೆಯ ಮಂಚದ ಬಳಿ ನಿಂತಿರಬೇಕು. ಮಾತನಾಡಬೇಡ. ಮೊದಲು ನಿನ್ನ ಕೈಗೆ ಹಾಕಿಕೋ. ಆಮೇಲೆ ಸೀಸೆಯನ್ನು ಅವರ ಕೈಯ ಹತ್ತಿರಕ್ಕೆ ನೀಡಿ, 'ಸಾರ್' ಎನ್ನು. ನಾನು ಇಪ್ಪತ್ತೇಳು ವರ್ಷ ಹಾಗೆ ನಿಂತಿದ್ದೇನೆ. ಕೈ ಹಿಂದಕ್ಕೆ ಎಳೆದುಕೊಂಡವರು ಇಬ್ಬರೇ."